ರಾತ್ರಿ ಎರಡು ಗಂಟೆಯ ದಾರಿ

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಹಿರಿಯರನ್ನು ಈಗ ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಬೇರೆ ತೊಂದರೆ ಇಲ್ಲದಿದ್ದರೆ ಬೇಗನೆ ಮನೆಗೂ ಕಳಿಸುತ್ತಾರೆ. ಆದ್ದರಿಂದ ಮನೆ ಸಜ್ಜುಮಾಡುವ ಕೆಲಸ ಅವರು ಆಸ್ಪತ್ರೆಯಲ್ಲಿರುವಾಗಲೇ ಮುಗಿಯಬೇಕು. ಡಿಸ್ಚಾರ್ಜ್ ಆಗುವ ದಿನ ಬಚ್ಚಲಿಗೆ ಕಂಬಿ ಹಾಕಿಸಲು ಓಡಾಡಿದರೆ ಪ್ರಯೋಜನವಿಲ್ಲ.

76 ವರ್ಷದ ಅಜ್ಜಿಯೊಬ್ಬರು ಬರುತ್ತಾರೆ ಎಂದುಕೊಳ್ಳೋಣ. ಮುರಿದ ಕೀಲಿನ ಗುಂಡನ್ನು ತೆಗೆದು ಲೋಹದ ಗುಂಡು ಕೂರಿಸಿದ್ದಾರೆ. ಮನೆ ಹಳೆಯದು, ಬಚ್ಚಲು ಹಿತ್ತಲ ಕಡೆಗೆ, ಕಮೋಡ್ ಇಂಡಿಯನ್, ಮಲಗುವ ಕೋಣೆ ಮಹಡಿಯಲ್ಲಿ. ಅವರ ಮಗ ಮೊದಲು ಮಾಡಬೇಕಾದದ್ದು ಇಷ್ಟು: ರಾತ್ರಿ ದೀಪವೆಲ್ಲ ಆರಿಸಿ, ಅಜ್ಜಿ ಮಲಗಲಿರುವ ಮಂಚದಿಂದ ಬಚ್ಚಲಿನವರೆಗೆ ವಾಕರ್ ಹಿಡಿದು ತಾನೇ ನಡೆದು ನೋಡುವುದು. ಯಾವ ಪಟ್ಟಿಗಿಂತಲೂ ಇದು ಹೆಚ್ಚು ಹೇಳುತ್ತದೆ.

ಮೊದಲ ತೊಡಕು ಸ್ವಿಚ್ಚಿನದು. ಅದು ಬಾಗಿಲ ಪಕ್ಕದಲ್ಲಿದ್ದರೆ ಅಜ್ಜಿ ಕತ್ತಲಲ್ಲೇ ಅಲ್ಲಿವರೆಗೆ ಹೋಗಬೇಕು. ಮಂಚದಿಂದ ಕೈಗೆಟಕುವಲ್ಲಿ ಒಂದು ಸ್ವಿಚ್ ಬೇಕು. ದಾರಿಯುದ್ದಕ್ಕೂ ಮೊಣಕಾಲಿನ ಎತ್ತರದಲ್ಲಿ ಸಣ್ಣ ನೈಟ್ ಲ್ಯಾಂಪುಗಳು ಬೇಕು, ಏಕೆಂದರೆ ಕಾಣಬೇಕಾದದ್ದು ನೆಲ. ತಲೆಯ ಮೇಲೆ ಪ್ರಖರ ಬಲ್ಬ್ ಹಾಕಿದರೆ ನುಣುಪು ಗ್ರಾನೈಟ್ ಹೊಳೆದು, ನೀರು ಎಲ್ಲಿದೆ, ಎಲ್ಲಿಲ್ಲ ಎಂದೇ ತಿಳಿಯದು. ಕರೆಂಟ್ ಹೋದಾಗ ತಾನೇ ಹೊತ್ತಿಕೊಳ್ಳುವ ರೀಚಾರ್ಜ್ ಬಲ್ಬ್ ಒಂದಾದರೂ ಇರಲಿ. ಎಷ್ಟೋ ಹಿರಿಯರು ಕರೆಂಟ್ ಬಿಲ್ಲಿಗೆ ಹೆದರಿ ದೀಪ ಆರಿಸಿಬಿಡುತ್ತಾರೆ. ಅರ್ಧ ವ್ಯಾಟ್‌ನ ನೈಟ್ ಲ್ಯಾಂಪ್ ದಿನಾ ಹತ್ತು ಗಂಟೆ ಉರಿದರೂ ತಿಂಗಳಿಗೆ ಕಾಲು ಯೂನಿಟ್ ಕೂಡ ಆಗುವುದಿಲ್ಲ ಎಂದು ಲೆಕ್ಕ ಹೇಳಿಬಿಡಿ. ದಾರಿಯಲ್ಲಿನ ಕಾಲೊರೆಸುವ ಬಟ್ಟೆ, ಜಮಖಾನ, ಫೋನ್ ಚಾರ್ಜರ್‌ನ ವೈರು, ಇವೆಲ್ಲ ಮೂಲೆಗೆ ಹೋಗಲಿ.

ಎರಡನೆಯ ತೊಡಕು ಬಚ್ಚಲ ಬಾಗಿಲು. ವಾಕರ್ ಸುಮಾರು 2 ಅಡಿ ಅಗಲ. ಬಾಗಿಲು ಎರಡೂವರೆ ಅಡಿಯದೆಂದರೂ ಚೌಕಟ್ಟು, ಹಲಗೆಯ ದಪ್ಪ ಕಳೆದರೆ ಉಳಿಯುವುದು ಕಡಿಮೆ, ಹಳೆಯ ಮನೆಗಳಲ್ಲಿ ಇನ್ನೂ ಕಡಿಮೆ. ವಾಕರ್ ಹೋಗದಿದ್ದರೆ ಅಜ್ಜಿ ಅದನ್ನು ಹೊರಗೇ ಬಿಟ್ಟು ಗೋಡೆ ಹಿಡಿಯುತ್ತಾರೆ, ಬೀಳುವುದು ಆಗಲೇ. ಬಾಗಿಲು ಒಳಕ್ಕೆ ತೆರೆಯುವಂಥದ್ದಾದರೆ ಬಿದ್ದವರ ಮೈಯೇ ಅದಕ್ಕೆ ಅಡ್ಡವಾಗುತ್ತದೆ, ಹೊರಗಿನವರು ದೂಡಿದರೂ ತೆರೆಯದು. ಕೆಲವು ತಿಂಗಳ ಮಟ್ಟಿಗೆ ಬಾಗಿಲನ್ನೇ ಕಳಚಿ ದಪ್ಪ ಪರದೆ ಹಾಕುವುದು ಎರಡಕ್ಕೂ ಅಗ್ಗದ ಪರಿಹಾರ. ಮರ್ಯಾದೆಯ ಪ್ರಶ್ನೆ ಎದ್ದರೆ ಬಾಗಿಲು ಉಳಿಸಿಕೊಂಡು ಒಳಚಿಲಕ ಮಾತ್ರ ತೆಗೆಸಿ.

ಒಳಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕೂರುವುದು. ಗುಂಡು ಬದಲಾಯಿಸಿದ ಕೀಲಿನಲ್ಲಿ ಮೊದಲ ಕೆಲವು ವಾರ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು, ಬಂದರೆ ಗುಂಡು ಜಾರುವ ಅಪಾಯವಿದೆ ಎಂದು ಬಹುತೇಕ ಸರ್ಜನ್‌ಗಳು ಎಚ್ಚರಿಸುತ್ತಾರೆ. ಮೊಳೆ, ಪ್ಲೇಟ್ ಹಾಕಿದ ಆಪರೇಷನ್ನಿಗೆ ನಿಯಮ ಬೇರೆ. ಯಾವುದು ಆಗಿದೆ ಎಂದು ಬಿಡುಗಡೆಯ ಮುಂಚೆಯೇ ಕೇಳಿ ಬರೆಸಿಕೊಳ್ಳಿ. ಇಂಡಿಯನ್ ಕಮೋಡ್ ಹೇಗೂ ಆಗದು. ಅದರ ಮೇಲೆ ಇಡುವ ಕಮೋಡ್ ಕುರ್ಚಿ ಬೇಕು: ಚಕ್ರವಿಲ್ಲದ್ದು, ಕಾಲುಗಳಿಗೆ ರಬ್ಬರ್ ಬುಷ್ ಇರುವಂಥದ್ದು, ಕೂತಾಗ ಸೊಂಟ ಮಂಡಿಗಿಂತ ಒಂದೆರಡು ಅಂಗುಲ ಮೇಲಿರುವಂಥದ್ದು. ಸ್ನಾನಕ್ಕೆ ಮಣೆ ಬೇಡ, ಎತ್ತರದ ಗಟ್ಟಿ ಸ್ಟೂಲ್ ಇರಲಿ. ಎಲ್ಲರೂ ಮರೆಯುವುದು ಬಕೆಟ್ಟನ್ನು. ನೆಲದ ಮೇಲಿನ ಬಕೆಟ್ಟಿನಿಂದ ನೀರು ಮೊಗೆಯಲು ಬಗ್ಗಿದರೆ ಸ್ಟೂಲ್ ಇಟ್ಟದ್ದೇ ವ್ಯರ್ಥ. ಅದನ್ನೂ ಇನ್ನೊಂದು ಗಟ್ಟಿ ಸ್ಟೂಲಿನ ಮೇಲಿಡಿ.

ಹಿಡಿಯಲು ಕಂಬಿ ಕಮೋಡ್ ಮತ್ತು ಸ್ನಾನದ ಸ್ಟೂಲಿನ ಪಕ್ಕದಲ್ಲಿರಬೇಕು, ನೆಲದಿಂದ ಸುಮಾರು 33ರಿಂದ 36 ಅಂಗುಲ ಎತ್ತರದಲ್ಲಿ. ಟೈಲ್ ದಾಟಿ ಇಟ್ಟಿಗೆಗೆ ಆ್ಯಂಕರ್ ಬೋಲ್ಟ್ ಹೊಡೆಸಿ. ಟವೆಲ್ ಕಂಬಿ ಭಾರ ತಡೆಯುವುದಿಲ್ಲ. ಒತ್ತಿ ಅಂಟಿಸುವ ರಬ್ಬರ್ ಹಿಡಿಗಳು ಒದ್ದೆ ಟೈಲಿನಲ್ಲಿ ಯಾವಾಗ ಕಳಚುತ್ತವೋ ಹೇಳಲಾಗದು. ಮಗ ತನ್ನ ಪೂರ್ತಿ ಭಾರ ಹಾಕಿ ಜಗ್ಗಿದರೂ ಕಂಬಿ ಅಲುಗಬಾರದು.

ಮಹಡಿಯ ವಿಷಯದಲ್ಲಿ ನನ್ನ ಮಾತು ಒಂದೇ: ಮಂಚವನ್ನು ಕೆಳಗಿಳಿಸಿ. ಅದು ಸಾಧ್ಯವೇ ಇಲ್ಲದಿದ್ದರೆ ಹತ್ತಿಳಿಯುವುದು ದಿನಕ್ಕೊಮ್ಮೆ ಸಾಕು, ಅದೂ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಮೇಲೆ. ಮೆಟ್ಟಿಲಿಗೆ ವಾಕರ್ ಬಳಸುವಂತಿಲ್ಲ. ಒಂದು ಕೈಯಲ್ಲಿ ಕಟಾಂಜನ, ಇನ್ನೊಂದರಲ್ಲಿ ಕೋಲು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಜೊತೆಗಿರುವವರು ಯಾವಾಗಲೂ ಒಂದು ಮೆಟ್ಟಿಲು ಕೆಳಗಿರಬೇಕು: ಹತ್ತುವಾಗ ಹಿಂದೆ, ಇಳಿಯುವಾಗ ಮುಂದೆ. ಪ್ರತಿ ಮೆಟ್ಟಿಲ ಅಂಚಿಗೂ ಎದ್ದು ಕಾಣುವ ಬಣ್ಣದ ಪಟ್ಟಿ ಅಂಟಿಸಿ. ಕಟಾಂಜನ ಎಷ್ಟೋ ಮನೆಗಳಲ್ಲಿ ಕೊನೆಯ ಮೆಟ್ಟಿಲಿಗೆ ಮುಂಚೆಯೇ ಮುಗಿದುಹೋಗಿರುತ್ತದೆ. ಕೈಯಲ್ಲಿ ಕಂಬಿ ಮುಗಿದರೆ ನೆಲ ಬಂತೆಂದು ಕಾಲು ನಂಬುತ್ತದೆ. ವೆಲ್ಡಿಂಗ್‌ನವರನ್ನು ಕರೆಸಿ, ಕೊನೆಯ ಮೆಟ್ಟಿಲಾಚೆಗೂ ಒಂದು ಅಡಿ ಮುಂದುವರಿಸಿ.