ಒಂದು ಕ್ರಿಯಾಪದ, ಹಲವು ಕೆಲಸ: ಸಂಸ್ಕೃತ ಮತ್ತು ಪಾಲಿ ಪದ್ಯಗಳಲ್ಲಿ ಕ್ತ್ವಾಂತ

ಸಂಸ್ಕೃತದ ಗತ್ವಾ, ಸ್ನಾತ್ವಾ, ಪೀತ್ವಾ ಎಂಬ ರೂಪಗಳು ಕನ್ನಡದ ಹೋಗಿ, ಮಿಂದು, ಕುಡಿದು ಎಂಬವುಗಳ ಕೆಲಸವನ್ನೇ ಮಾಡುತ್ತವೆ. ಧಾತುವಿಗೆ 'ತ್ವಾ' ಸೇರಿದರೆ ಅದು ಕ್ತ್ವಾಂತ. ಧಾತುವಿನ ಹಿಂದೆ ಪ್ರ, ವಿ, ಆ ಮುಂತಾದ ಉಪಸರ್ಗ ಇದ್ದರೆ 'ತ್ವಾ' ಹೋಗಿ 'ಯ' ಬರುತ್ತದೆ, ಅದು ಲ್ಯಬಂತ. ಜಿತ್ವಾ ಎಂದರೆ ಗೆದ್ದು. ವಿಜಿತ್ಯ ಎಂದರೂ ಗೆದ್ದೇ. ನಿಷೇಧದ 'ಅ' ಮಾತ್ರ ಉಪಸರ್ಗವಲ್ಲದ ಕಾರಣ 'ಮಾಡದೆ' ಎಂಬುದಕ್ಕೆ ಅಕೃತ್ವಾ ಎಂದೇ ಹೇಳಬೇಕು, ಅಕೃತ್ಯ ಎಂದರೆ ತಪ್ಪು. ಕ್ತ್ವಾಂತ, ಲ್ಯಬಂತ ಎರಡೂ ಅವ್ಯಯಗಳು. ಲಿಂಗ, ವಚನ, ಪುರುಷ, ಕಾಲ ಯಾವುದೂ ಇವುಗಳಲ್ಲಿ ಇಲ್ಲ.

ಇಲ್ಲದ್ದನ್ನೆಲ್ಲ ಇವು ವಾಕ್ಯದ ಮುಖ್ಯ ಕ್ರಿಯಾಪದದಿಂದ ಪಡೆಯುತ್ತವೆ. ಹಡಗಲಿ ತಾಲ್ಲೂಕಿನ ಮಾಗಳ ತುಂಗಭದ್ರೆಯ ದಡದ ಊರು. ಅಲ್ಲಿಯ ಒಬ್ಬನ ಬಗ್ಗೆ 'ತುಂಗಭದ್ರಾಂ ಗತ್ವಾ ಸ್ನಾತ್ವಾ ಗೃಹಮ್ ಆಗತ್ಯ ಭುಂಕ್ತೇ' ಎಂದರೆ, ಹೊಳೆಗೆ ಹೋಗಿ ಮಿಂದು ಮನೆಗೆ ಬಂದು ಉಣ್ಣುತ್ತಾನೆ ಎಂದಾಯಿತು. ಕೊನೆಯ ಪದವನ್ನು ಭೋಕ್ಷ್ಯೇ ಎಂದು ಬದಲಿಸಿದರೆ ಇಡೀ ವಾಕ್ಯ 'ನಾನು' ಮತ್ತು 'ನಾಳೆ'ಗೆ ತಿರುಗುತ್ತದೆ. ಮೊದಲಿನ ಮೂರು ರೂಪಗಳಲ್ಲಿ ಒಂದು ಅಕ್ಷರವೂ ಕದಲುವುದಿಲ್ಲ.

ಇದಕ್ಕೆ ಪಾಣಿನಿ ಹಾಕಿದ ಷರತ್ತು ಎರಡು. ಕ್ತ್ವಾಂತದ ಕೆಲಸ ಮುಖ್ಯ ಕೆಲಸಕ್ಕಿಂತ ಮೊದಲು ನಡೆಯಬೇಕು, ಎರಡಕ್ಕೂ ಕರ್ತೃ ಒಬ್ಬನೇ ಆಗಿರಬೇಕು. ಪದ್ಯದಲ್ಲಿ ಈ ಷರತ್ತುಗಳು ಹೇಗೆ ದುಡಿಯುತ್ತವೆ ಎಂಬುದಕ್ಕೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನಕ್ಕಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಕ್ರಿ.ಶ. 5ನೇ ಶತಮಾನದ ನಡುವಿನಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಕಾವ್ಯ ಅದು. ಕದಂಬ ವಂಶದ ಮೂಲಪುರುಷ ಮಯೂರಶರ್ಮ ವೇದದ ವಿದ್ಯಾರ್ಥಿಯಾಗಿದ್ದವನು ಯೋಧನಾದ ಕಥೆಯನ್ನು ಕುಬ್ಜ ಕೆಲವೇ ಪದ್ಯಗಳಲ್ಲಿ ಮುಗಿಸುತ್ತಾನೆ.

ಕಥೆ ಪ್ರಯಾಣದಿಂದ ಶುರುವಾಗುತ್ತದೆ. ಮಯೂರಶರ್ಮ ಗುರು ವೀರಶರ್ಮನ ಜೊತೆ ಪಲ್ಲವರ ರಾಜಧಾನಿ ಕಂಚಿಗೆ ಹೋಗಿ ಅಲ್ಲಿಯ ಘಟಿಕಾಸ್ಥಾನವನ್ನು ಹೊಕ್ಕ ಎಂಬುದು ಪದ್ಯದ ಸಾರ. 'ಹೋಗಿ' ಎಂಬುದಕ್ಕೆ ಪ್ರಯಾಯ ಎಂಬ ಲ್ಯಬಂತ, 'ಹೊಕ್ಕ' ಎಂಬುದಕ್ಕೆ ವಿವೇಶ ಎಂಬ ಭೂತಕಾಲದ ಪದ. ಬನವಾಸಿ ಸೀಮೆಯಿಂದ ಕಂಚಿಯವರೆಗಿನ ದೂರದ ದಾರಿ ಮೂರಕ್ಷರದಲ್ಲಿ ಸವೆಯಿತು. ಹೋದದ್ದೂ ಹೊಕ್ಕದ್ದೂ ಒಬ್ಬನೇ, ಹೋದದ್ದು ಮೊದಲು. ಪಾಣಿನಿಯ ಎರಡು ಷರತ್ತೂ ನೆರವೇರಿದವು.

ಮುಂದಿನ ಘಟನೆ ಕಂಚಿಯಲ್ಲಿ ಪಲ್ಲವರ ಕುದುರೆ ಸವಾರನ ಸಂಬಂಧವಾಗಿ ನಡೆದ ಜಗಳ. ಅದರಿಂದ ಮಯೂರಶರ್ಮ ಕೆರಳಿದ. ಇಲ್ಲಿ ಕುಬ್ಜ ಲ್ಯಬಂತವನ್ನು ಬಿಟ್ಟು ರೋಷಿತಃ, ಅಂದರೆ 'ಕೆರಳಿಸಲ್ಪಟ್ಟವನು' ಎಂಬ ವಿಶೇಷಣವನ್ನು ಹಿಡಿಯುತ್ತಾನೆ. ಕೆರಳಿಸಿದ್ದು ಜಗಳ, ಕೆರಳಿದವನು ಮಯೂರಶರ್ಮ. ಕರ್ತೃ ಬದಲಾದ ಕಡೆ ಕ್ತ್ವಾಂತದ ಸರಪಳಿ ಮುಂದುವರಿಯದು, ಅಲ್ಲಿ ಇಂಥ ವಿಶೇಷಣವೇ ಕೊಂಡಿ ಹಾಕಬೇಕು. ಸಂಸ್ಕೃತ ಪದ್ಯ ಓದುವಾಗ ಸಾಲಾಗಿ ಬರುತ್ತಿದ್ದ ಕ್ತ್ವಾಂತಗಳು ಥಟ್ಟನೆ ನಿಂತು ವಿಶೇಷಣವೊಂದು ಬಂದರೆ, ಕೆಲಸ ಬೇರೆಯವರ ಕೈಗೆ ಹೋಯಿತೇ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಆಮೇಲೆ ಬರುವುದು ಮಯೂರಶರ್ಮನ ಕಹಿ ಮಾತು. ಗುರುಕುಲಗಳನ್ನು ಚೆನ್ನಾಗಿ ಸೇವಿಸಿ, ವೇದಶಾಖೆಯನ್ನು ಶ್ರಮಪಟ್ಟು ಓದಿದ ಮೇಲೂ ಬ್ರಹ್ಮಸಿದ್ಧಿ ರಾಜನ ಕೈಯಲ್ಲಿದ್ದರೆ ಅದಕ್ಕಿಂತ ದುಃಖ ಏನಿದೆ ಎಂಬುದು ಅವನ ಪ್ರಶ್ನೆ. ಆರಾಧ್ಯ, ಅಧೀತ್ಯ ಎಂಬ ಎರಡು ಲ್ಯಬಂತಗಳಿಗೆ ಕವಿ 'ಅಪಿ' ಸೇರಿಸಿದ್ದಾನೆ. ಆ ಒಂದು ಪದದಿಂದ 'ಮೊದಲು–ಆಮೇಲೆ' ಎಂಬ ಬರಿಯ ಕ್ರಮ 'ಇಷ್ಟೆಲ್ಲ ಮಾಡಿದರೂ' ಎಂಬ ವಿರೋಧವಾಗುತ್ತದೆ. ವ್ಯಾಕರಣದ ಕಣ್ಣಿಗೆ ಇಲ್ಲೊಂದು ಸಡಿಲವೂ ಕಾಣುತ್ತದೆ. ಸೇವಿಸಿದವನು, ಓದಿದವನು ಬ್ರಾಹ್ಮಣ. ರಾಜನಿಗೆ ಅಧೀನವಾಗಿರುವುದು ಸಿದ್ಧಿ. ಕರ್ತೃ ಒಬ್ಬನೇ ಅಲ್ಲ. ಇಂಥ ಕಡೆ ವ್ಯಾಖ್ಯಾನಕಾರರು 'ಸ್ಥಿತಸ್ಯ' ಎಂಬ ಪದವನ್ನು ಮನಸ್ಸಿನಲ್ಲೇ ಸೇರಿಸಿಕೊಂಡು, 'ಓದಿ ನಿಂತವನಿಗೆ' ಎಂದು ಅರ್ಥ ಹೇಳಿ ಸೂತ್ರವನ್ನು ಉಳಿಸಿಕೊಳ್ಳುತ್ತಾರೆ. ಓದುಗರಿಗೆ ಆ ಉಪಾಯ ಬೇಕಾಗುವುದೇ ಇಲ್ಲ. ಸಿದ್ಧಿ ಯಾರದೆಂಬುದು ಹೇಳದೆಯೇ ತಿಳಿಯುತ್ತದೆ.

ಕತ್ತಿ ಹಿಡಿದ ಮಯೂರಶರ್ಮ ಪಲ್ಲವರ ಗಡಿಕಾವಲಿನವರನ್ನು ಯುದ್ಧದಲ್ಲಿ ಗೆದ್ದು ಶ್ರೀಪರ್ವತದವರೆಗಿನ ದುರ್ಗಮ ಕಾಡಿನಲ್ಲಿ ನೆಲೆಸುತ್ತಾನೆ. 'ಗೆದ್ದು' ಎಂಬುದಕ್ಕೆ ಇಲ್ಲಿ ಬಂದದ್ದು ವಿನಿರ್ಜಿತ್ಯ. ಜಿತ್ವಾ ಎಂದರೆ ಎರಡು ಗುರು ಅಕ್ಷರ. ವಿಜಿತ್ಯ ಎಂದರೆ ಲಘು, ಗುರು, ಲಘು. ವಿನಿರ್ಜಿತ್ಯ ಎಂದರೆ ಲಘು, ಎರಡು ಗುರು, ಮತ್ತೊಂದು ಲಘು. ಅರ್ಥ ಹೆಚ್ಚು ಕದಲದೆ ಮೂರು ಅಳತೆ ಸಿಗುತ್ತವೆ. ಉಪಸರ್ಗ ಅರ್ಥಕ್ಕೆ ಒತ್ತು ಕೊಡುತ್ತದೆ ನಿಜ, ಆದರೆ ಪದ್ಯದಲ್ಲಿ ಅದು ಎಷ್ಟೋ ಸಲ ಛಂದಸ್ಸಿನ ಸೇವೆಗೂ ಬಂದಿರುತ್ತದೆ.

ಪಾಲಿ ಕವಿಗಳಿಗೆ ಈ ಅನುಕೂಲ ಬೇರೆ ದಾರಿಯಿಂದ ಒದಗಿತು. ಅಲ್ಲಿ 'ತ್ವಾ' ಜೊತೆಗೆ 'ತ್ವಾನ', 'ತೂನ' ಎಂಬ ಪ್ರತ್ಯಯಗಳೂ ಇವೆ. 'ಕಂಡು' ಎಂಬುದಕ್ಕೆ ದಿಸ್ವಾ, ದಿಸ್ವಾನ; 'ಮಾಡಿ' ಎಂಬುದಕ್ಕೆ ಕತ್ವಾ, ಕತ್ವಾನ. ಎಂಟಕ್ಷರದ ಪಾದದಲ್ಲಿ ಒಂದು ಲಘು ಕಡಿಮೆ ಬಿದ್ದರೆ 'ನ' ಅದನ್ನು ತುಂಬುತ್ತದೆ. ಹೀಗಾಗಿ 'ತ್ವಾನ' ರೂಪ ಗದ್ಯಕ್ಕಿಂತ ಗಾಥೆಗಳಲ್ಲೇ ಹೆಚ್ಚು. ಉಪಸರ್ಗದ ಕಟ್ಟುಪಾಡೂ ಪಾಲಿಯಲ್ಲಿ ಸಡಿಲ. 'ಹತ್ತಿರ ಹೋಗಿ' ಎಂಬುದಕ್ಕೆ ಸಂಸ್ಕೃತದವರು ಉಪಸಂಕ್ರಮ್ಯ ಎನ್ನಬೇಕು, ಪಾಲಿಯಲ್ಲಿ ಉಪಸಂಕಮಿತ್ವಾ ಸಲೀಸಾಗಿ ನಡೆಯುತ್ತದೆ. 'ಯ' ರೂಪವೂ ಉಳಿದಿದೆ: ಆರುಹ್ಯ ಎಂಬುದು ಹಕಾರ ಯಕಾರಗಳು ಜಾಗ ಬದಲಿಸಿಕೊಂಡು ಆರುಯ್ಹ ಆಗಿದೆ.

ಧಮ್ಮಪದದ ಒಂದು ಗಾಥೆ ಈ ರೂಪವನ್ನು ಒಗಟು ಕಟ್ಟಲು ಬಳಸುತ್ತದೆ. ತಾಯಿಯನ್ನು, ತಂದೆಯನ್ನು, ಇಬ್ಬರು ರಾಜರನ್ನು ಕೊಂದು, ರಾಜ್ಯವನ್ನೂ ಪರಿವಾರಸಮೇತ ನಾಶಮಾಡಿ ಬ್ರಾಹ್ಮಣ ದುಃಖವಿಲ್ಲದೆ ಸಾಗುತ್ತಾನೆ ಎಂಬುದು ಅದರ ಮಾತು. ಹಂತ್ವಾ, ಅಂದರೆ 'ಕೊಂದು', ಎರಡು ಸಲ ಬರುತ್ತದೆ. ಮುಖ್ಯ ಕ್ರಿಯಾಪದ ಯಾತಿ, 'ಹೋಗುತ್ತಾನೆ', ಕೊನೆಯ ಪಾದದಲ್ಲಿದೆ. ಹಂತ್ವಾಗೆ ಕಾಲವಿಲ್ಲದ್ದರಿಂದ ಇದು ಯಾವನೋ ಒಬ್ಬ ಎಂದೋ ಮಾಡಿದ ಕೊಲೆಯ ವರದಿಯಾಗುವುದಿಲ್ಲ. ಯಾತಿಯ ವರ್ತಮಾನ ಹಿಂದಕ್ಕೆ ಹರಡಿ ಎಲ್ಲ ಕಾಲಕ್ಕೂ ಸಲ್ಲುವ ಮಾತಾಗುತ್ತದೆ. ಅಟ್ಠಕಥೆಯ ಪ್ರಕಾರ ತಾಯಿ ಎಂದರೆ ತೃಷ್ಣೆ, ತಂದೆ ಎಂದರೆ 'ನಾನು' ಎಂಬ ಅಹಂಭಾವ, ರಾಜರು ಎಂದರೆ ಶಾಶ್ವತವಾದ ಮತ್ತು ಉಚ್ಛೇದವಾದ.

ಮೊದಲು–ಆಮೇಲೆ ಎಂಬ ಷರತ್ತಿಗೂ ಅಪವಾದ ಇದೆ. 'ಮುಖಂ ವ್ಯಾದಾಯ ಸ್ವಪಿತಿ' ಎಂಬುದು ವೈಯಾಕರಣರು ಹಿಂದಿನಿಂದ ಚರ್ಚಿಸುತ್ತ ಬಂದ ಉದಾಹರಣೆ: ಬಾಯಿ ತೆರೆದು ಮಲಗಿದ್ದಾನೆ. ಯಾರೂ ಬಾಯಿ ತೆರೆದಾದ ಮೇಲೆ ನಿದ್ದೆ ಶುರುಮಾಡುವುದಿಲ್ಲ, ನಿದ್ದೆ ಬಂದ ಮೇಲೆ ಬಾಯಿ ತೆರೆದುಕೊಳ್ಳುತ್ತದೆ. ಬಾಯಿ ತೆರೆದ ಮೇಲೂ ನಿದ್ದೆ ಮುಂದುವರಿಯುತ್ತದಲ್ಲ, ಆ ನಿದ್ದೆಗೆ ಬಾಯಿ ತೆರೆದದ್ದು ಮೊದಲೇ ಎಂಬುದು ಅವರ ಸಮಾಧಾನ. ಜಾಣ ಉತ್ತರ, ಆದರೆ ಇಲ್ಲಿ ಲ್ಯಬಂತ ಹೇಳುತ್ತಿರುವುದು ಮಲಗಿದ ರೀತಿಯನ್ನು ಎಂದುಬಿಟ್ಟರೆ ಸರಳ.

ಕನ್ನಡಿಗರು ಸಂಸ್ಕೃತ ಬರೆಯುವಾಗ ಎಡವುವುದು ಹೆಚ್ಚಾಗಿ ಕರ್ತೃವಿನ ಷರತ್ತಿನಲ್ಲಿ. 'ಮಳೆ ಬಂದು ಕೆರೆ ತುಂಬಿತು' ಎಂಬುದು ಒಳ್ಳೆಯ ಕನ್ನಡ. ಬಂದದ್ದು ಮಳೆ, ತುಂಬಿದ್ದು ಕೆರೆ. ಒಂದು ಇನ್ನೊಂದಕ್ಕೆ ಕಾರಣವಾದರೆ ಕನ್ನಡ ಕರ್ತೃಭೇದವನ್ನು ಸಹಿಸುತ್ತದೆ. ಅದನ್ನೇ 'ವೃಷ್ಟಿಃ ಆಗತ್ಯ ತಡಾಗಃ ಪೂರ್ಣಃ' ಎಂದರೆ ಮಳೆಯಂತೆ ಬಂದದ್ದು ಕೆರೆಯೇ ಎಂಬ ಗೊಂದಲ ಹುಟ್ಟುತ್ತದೆ. ಇಂಥಲ್ಲಿ ಸಂಸ್ಕೃತ ಸತಿಸಪ್ತಮಿಯನ್ನು ಬಳಸುತ್ತದೆ: 'ವೃಷ್ಟೇ ದೇವೇ ತಡಾಗಃ ಪೂರ್ಣಃ', ಮಳೆದೇವ ಸುರಿಯಲಾಗಿ ಕೆರೆ ತುಂಬಿತು.