ಒಂದು ಕೋಣೆಗೆ ಎಷ್ಟು ನಿಮಿಷ?

ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಮಕ್ಕಳು ಕೆಲವು ತಿಂಗಳು ಯಾವುದಾದರೂ ಹೋಟೆಲಿನಲ್ಲಿ ಟ್ರೈನಿಂಗ್ ಮುಗಿಸಿ ಬಂದು ವರದಿ ಒಪ್ಪಿಸಬೇಕು. ಅಂಥ ವರದಿಗಳನ್ನು ನಾನು ಬಹಳ ಓದಿದ್ದೇನೆ. ಹೆಚ್ಚಿನವುಗಳ ಮೊದಲ ಹತ್ತು ಪುಟ ಹೋಟೆಲಿನ ಇತಿಹಾಸ, ಈಜುಕೊಳದ ಫೋಟೊ, ಮ್ಯಾನೇಜರಿಂದ ಹಿಡಿದು ಕೆಳಗಿನವರೆಗಿನ ಹುದ್ದೆಗಳ ಪಟ್ಟಿ. ಆಮೇಲೆ ಪಠ್ಯಪುಸ್ತಕದಲ್ಲೇ ಇರುವ ವ್ಯಾಖ್ಯಾನಗಳು. ಇಷ್ಟನ್ನು ಹೋಟೆಲಿಗೆ ಕಾಲಿಡದೆಯೂ ಬರೆಯಬಹುದು. ಹೋದವರು ಮಾತ್ರ ಬರೆಯಬಹುದಾದದ್ದು ಬೇರೆಯೇ ಇದೆ. ಅದು ತಾವೇ ನೋಡಿ, ಎಣಿಸಿ, ಗಡಿಯಾರ ಹಿಡಿದು ಅಳೆದದ್ದು.

ಅದಕ್ಕೆ ಬೇಕಾದದ್ದು ಜೇಬಿನಲ್ಲಿ ಹಿಡಿಸುವ ಒಂದು ಪುಟ್ಟ ಪುಸ್ತಕ ಮತ್ತು ಪೆನ್ನು. ಡ್ಯೂಟಿಯಲ್ಲಿ ಫೋನ್ ಹಿಡಿಯಲು ಬಹಳ ಕಡೆ ಬಿಡುವುದಿಲ್ಲ. ಶಿಫ್ಟ್ ಮುಗಿದ ದಿನವೇ ರಾತ್ರಿ ಕೂತು ಅದನ್ನು ಲಾಗ್‌ಬುಕ್‌ಗೆ ಇಳಿಸಬೇಕು. ವಾರ ಕಳೆದ ಮೇಲೆ ನೆನಪಿನಿಂದ ತುಂಬಿಸಿದ ಲಾಗ್‌ಬುಕ್ ಹೇಗಿರುತ್ತದೆಂದರೆ, ಎಲ್ಲ ದಿನವೂ ‘ಕೋಣೆ ಸ್ವಚ್ಛಗೊಳಿಸಿದೆವು’ ಎಂದೇ ಇರುತ್ತದೆ.

ಎಣಿಸಿ ನೋಡುವುದನ್ನು ಕಲಿಯಲು ಹೌಸ್‌ಕೀಪಿಂಗ್‌ನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಒಂದು ಉದಾಹರಣೆಯನ್ನೇ ಪೂರ್ತಿ ಬಿಡಿಸಿ ನೋಡೋಣ.

ಒಂದು ಮಹಡಿಯ ರೂಮ್ ಅಟೆಂಡೆಂಟ್‌ಗೆ ದಿನಕ್ಕೆ 14 ಕೋಣೆ ಒಪ್ಪಿಸಿದ್ದಾರೆ ಎಂದಿಟ್ಟುಕೊಳ್ಳಿ. ಶಿಫ್ಟ್ 8 ಗಂಟೆ, ಅಂದರೆ 480 ನಿಮಿಷ. ಬೆಳಗಿನ ಬ್ರೀಫಿಂಗ್, ಕೀ ಪಡೆಯುವುದು, ಟ್ರಾಲಿ ತುಂಬುವುದು, ಊಟ, ಚಹಾ, ಕೊನೆಗೆ ಟ್ರಾಲಿ ಒಪ್ಪಿಸುವುದು ಇವೆಲ್ಲಕ್ಕೆ 80 ನಿಮಿಷ ಕಳೆದರೆ ಉಳಿಯುವುದು 400. ಅತಿಥಿ ಖಾಲಿ ಮಾಡಿದ ಕೋಣೆಗೆ ಸರಾಸರಿ 35 ನಿಮಿಷ, ಅತಿಥಿ ಇನ್ನೂ ಇರುವ ಕೋಣೆಗೆ 22 ನಿಮಿಷ ಹಿಡಿಯುತ್ತದೆ ಎಂದು ಟ್ರೇನಿ ಹತ್ತು ದಿನ ಗುರುತು ಹಾಕಿಕೊಂಡಿದ್ದಾಳೆ. ಆರು ಕೋಣೆ ಖಾಲಿಯಾಗಿ ಎಂಟರಲ್ಲಿ ಜನ ಇರುವ ದಿನ ಒಟ್ಟು 386 ನಿಮಿಷ. ಕೆಲಸ ಹೊತ್ತಿಗೆ ಮುಗಿಯುತ್ತದೆ. ಹತ್ತು ಕೋಣೆ ಖಾಲಿಯಾಗುವ ದಿನ 438 ನಿಮಿಷ ಬೇಕು. 38 ನಿಮಿಷ ಸಾಲದು.

‘ಭಾನುವಾರ ಕೆಲಸದ ಒತ್ತಡ ಜಾಸ್ತಿ’ ಎಂದು ಬರೆದು ಮುಗಿಸುವ ಬದಲು ಇಲ್ಲಿಂದಲೇ ಹುಡುಕಾಟ ಶುರುವಾಗಬೇಕು. ಆ 35 ನಿಮಿಷ ಎಲ್ಲೆಲ್ಲಿ ಹೋಗುತ್ತಿದೆ? ಹಾಸಿಗೆ ಬಿಚ್ಚಿ ಹೊಸದಾಗಿ ಹಾಸಲು ಎಷ್ಟು, ಬಾತ್‌ರೂಮಿಗೆ ಎಷ್ಟು, ಧೂಳು ಒರೆಸಿ ವ್ಯಾಕ್ಯೂಮ್ ಮಾಡಲು ಎಷ್ಟು ಎಂದು ಬೇರೆ ಬೇರೆ ಬರೆದುಕೊಂಡಾಗ, ಯಾವ ಕೆಲಸಕ್ಕೂ ಸೇರದ 5 ನಿಮಿಷ ಸಿಗುತ್ತದೆ. ಟ್ರಾಲಿಯಲ್ಲಿ ಸ್ನಾನದ ಟವೆಲ್ ಮುಗಿದಿದೆ, ಅಟೆಂಡೆಂಟ್ ಅದನ್ನು ತರಲು ಓಡಾಡುತ್ತಿದ್ದಾನೆ. ಕೋಣೆಗೆ ಎರಡರಂತೆ 14 ಕೋಣೆಗೆ 28 ಟವೆಲ್ ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮಹಡಿಯ ಪ್ಯಾಂಟ್ರಿಯಲ್ಲಿ ಎಣಿಸಿದರೆ ಸಿಗುವುದು 18. ಉಳಿದವು ಲಾಂಡ್ರಿಯಿಂದ ಬರುವಾಗ ಹನ್ನೊಂದಾಗಿರುತ್ತದೆ.

ಇಲ್ಲಿ ‘ಪಾರ್ ಸ್ಟಾಕ್’ ಎಂಬ ಮಾತು ಅರ್ಥವಾಗುತ್ತದೆ. ಕೋಣೆಯಲ್ಲಿ ಒಂದು ಸೆಟ್ ಇದ್ದರೆ ಪ್ಯಾಂಟ್ರಿಯಲ್ಲಿ ಒಂದು, ಲಾಂಡ್ರಿಯಲ್ಲಿ ಒಂದು, ಲಿನನ್ ರೂಮಿನಲ್ಲಿ ಒಂದು, ಹೀಗೆ ನಾಲ್ಕೈದು ಸೆಟ್ ಸುತ್ತುತ್ತಿರಬೇಕು. ಎಲ್ಲೋ ಒಂದು ಕಡೆ ಸುತ್ತು ತಡವಾದರೆ ಆ ಕೊರತೆ ಅಟೆಂಡೆಂಟ್‌ನ ಕಾಲಿಗೆ ಬರುತ್ತದೆ. ಆ ಓಡಾಟ ತಪ್ಪಿಸಿದರೆ ಹತ್ತು ಕೋಣೆಗೆ 50 ನಿಮಿಷ ಉಳಿದು, 438 ಇದ್ದದ್ದು 388ಕ್ಕೆ ಇಳಿಯುತ್ತದೆ. ಶಿಫ್ಟ್ ಒಳಗೇ ಕೆಲಸ ಮುಗಿಯುತ್ತದೆ.

ಇದೇ ಎಳೆ ಹಿಡಿದು ಫ್ರಂಟ್ ಆಫೀಸಿಗೆ ಬನ್ನಿ. ಮಧ್ಯಾಹ್ನ ಎರಡಕ್ಕೆ ಚೆಕ್-ಇನ್ ಎಂದು ಹೇಳಿರುವ ಹೋಟೆಲಿನಲ್ಲಿ ಎರಡೂವರೆಗೂ ಲಾಬಿಯಲ್ಲಿ ಸೂಟ್‌ಕೇಸ್ ಇಟ್ಟುಕೊಂಡು ಕೂತವರು ಎಷ್ಟು ಮಂದಿ ಎಂದು ಎಣಿಸಿ. ಅವರಿಗಾಗಿ ಕಾದಿರುವ ಕೋಣೆ ಮೇಲೆ ಆ ಟವೆಲ್ಲಿಗಾಗಿ ಕಾದಿದೆ. ನಾಳೆ ಯಾರು ಯಾರು ಖಾಲಿ ಮಾಡುತ್ತಾರೆ ಎಂಬ ಪಟ್ಟಿ ಹಿಂದಿನ ದಿನವೇ ಫ್ರಂಟ್ ಆಫೀಸಿನಲ್ಲಿ ಇರುತ್ತದೆ. ಅದು ಹೌಸ್‌ಕೀಪಿಂಗ್‌ಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದು ನೋಡಬೇಕಾದ ಸಂಗತಿ. ಸಂಜೆಯೇ ತಲುಪಿದರೆ ಪ್ಯಾಂಟ್ರಿಯನ್ನು ರಾತ್ರಿಯೇ ತುಂಬಿಸಬಹುದು. ಸಲಹೆ ಎಂಬ ಅಧ್ಯಾಯಕ್ಕೆ ಇಷ್ಟು ಸಾಕು. ಕೌಂಟರಿನಲ್ಲಿ ಇನ್ನೂ ಎರಡನ್ನು ಬಿಡಬಾರದು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ಮಾಹಿತಿ ಸರ್ಕಾರಕ್ಕೆ ಹೋಗುವ ಬಗೆ ಒಂದು. ರಾತ್ರಿ ಶಿಫ್ಟಿನಲ್ಲಿ ಆ ದಿನದ ಬಿಲ್ಲುಗಳನ್ನೆಲ್ಲ ತಾಳೆ ನೋಡುವ ನೈಟ್ ಆಡಿಟ್ ಇನ್ನೊಂದು.

ಕಿಚನ್‌ನಲ್ಲಿ ಟ್ರೇನಿಗೆ ಮೊದಲು ಸಿಗುವ ಕೆಲಸ ಸಿಪ್ಪೆ ತೆಗೆಯುವುದು. ಬೇಸರದ ಕೆಲಸ ಎಂದುಕೊಳ್ಳುವ ಬದಲು ತಕ್ಕಡಿ ಬಳಸಿ. 10 ಕೆಜಿ ಕ್ಯಾರೆಟ್ ಸಿಪ್ಪೆ ತೆಗೆದು ತುದಿ ಕತ್ತರಿಸಿದ ಮೇಲೆ 8.2 ಕೆಜಿ ಉಳಿದರೆ, ಕೆಜಿಗೆ 50 ರೂಪಾಯಿ ಕೊಟ್ಟ ಕ್ಯಾರೆಟ್ ಬಾಣಲೆಗೆ ಬೀಳುವಾಗ ಸುಮಾರು 61 ರೂಪಾಯಿ ಆಗಿರುತ್ತದೆ. ಸ್ಟೋರಿಗೆ ಇಂಡೆಂಟ್ ಬರೆಯುವವರು ಈ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುತ್ತಾರೆಯೇ, ಮೊದಲು ಬಂದ ಸಾಮಾನು ಮೊದಲು ಖರ್ಚಾಗುವಂತೆ ಫ್ರಿಜ್‌ನಲ್ಲಿ ತಾರೀಖಿನ ಚೀಟಿ ಇದೆಯೇ, ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇದೆಯೇ ಎಂದು ನೋಡಿ ಬರೆಯಿರಿ.

ಸರ್ವಿಸ್ ವಿಭಾಗದಲ್ಲಿ ಗಡಿಯಾರ ಮತ್ತೆ ಕೆಲಸಕ್ಕೆ ಬರುತ್ತದೆ. ಆರ್ಡರ್ ಬರೆದ ಕೆಒಟಿ ಮೇಲೆ ಸಮಯ ಇರುತ್ತದೆ. ತಟ್ಟೆ ಟೇಬಲ್ ಮುಟ್ಟಿದ ಸಮಯವನ್ನು ಪಕ್ಕದಲ್ಲಿ ಗುರುತು ಮಾಡಿ. ತಡವಾದದ್ದು ಕಿಚನ್‌ನಲ್ಲೋ, ಅಡುಗೆ ಸಿದ್ಧವಾದ ಮೇಲೆ ಪಿಕಪ್ ಕೌಂಟರಿನಲ್ಲಿ ಆರುತ್ತಾ ಕೂತದ್ದಕ್ಕೋ ಎಂಬುದು ಇಪ್ಪತ್ತು ಕೆಒಟಿ ನೋಡುವುದರೊಳಗೆ ತಿಳಿಯುತ್ತದೆ.

ಬರೆಯುವಾಗ ಒಂದು ಕ್ರಮ ಇರಲಿ: ಏನು ನೋಡಿದೆ, ಎಷ್ಟು ಸಲ ನೋಡಿದೆ, ಯಾಕೆ ಹಾಗಾಗುತ್ತಿದೆ ಅನ್ನಿಸಿತು, ಏನು ಮಾಡಬಹುದು. ಒಂದೇ ಮಹಡಿಯಲ್ಲಿ ಹತ್ತು ದಿನ ನೋಡಿದ್ದಾದರೆ ಹಾಗೆಯೇ ಬರೆಯಿರಿ, ಇಡೀ ಹೋಟೆಲಿಗೆ ಅನ್ವಯಿಸಬೇಡಿ. ಸೂಪರ್‌ವೈಸರ್‌ಗೆ ನಿಮ್ಮ ಲೆಕ್ಕ ತೋರಿಸಿ ಕೇಳಿ, ನಿಮಗೆ ಕಾಣದ ಕಾರಣ ಅವರಿಗೆ ಗೊತ್ತಿರುತ್ತದೆ. ಲಾಂಡ್ರಿಯಲ್ಲಿ ಒಂದು ಯಂತ್ರ ಆ ವಾರ ಕೆಟ್ಟಿದ್ದಿರಬಹುದು. ಅತಿಥಿಗಳ ಹೆಸರು, ಕೋಣೆ ಸಂಖ್ಯೆ, ಹೋಟೆಲಿನ ರೆಸಿಪಿ, ಒಳಗಿನ ದರಪಟ್ಟಿ ವರದಿಯಲ್ಲಿ ಬರಬಾರದು. ಫೋಟೊಗೂ ಅನುಮತಿ ಬೇಕು. ಅಟೆಂಡೆಂಟ್‌ನ ಹೆಸರೂ ಬೇಡ, ಯಾಕೆಂದರೆ ನೀವು ಅಳೆದದ್ದು ಕೆಲಸವನ್ನು, ಆತನನ್ನಲ್ಲ.

ಟ್ರೈನಿಂಗ್‌ನ ಮೊದಲ ವಾರ ನಿಮಗೆ ಕೋಣೆ ಸ್ವಚ್ಛ ಮಾಡಲು 50 ನಿಮಿಷ ಹಿಡಿಯಬಹುದು. ಅದನ್ನೂ ಬರೆಯಿರಿ. ನಾಲ್ಕನೆಯ ವಾರ ಎಷ್ಟು ಹಿಡಿಯಿತು ಎಂದು ಅದರ ಪಕ್ಕದಲ್ಲೇ ಬರೆಯಿರಿ. ನೀವು ಏನು ಕಲಿತಿರಿ ಎಂಬುದಕ್ಕೆ ಓದುವವರು ಮೊದಲು ನೋಡುವುದು ಆ ಎರಡು ಸಂಖ್ಯೆಗಳನ್ನೇ.