ಗೃಹಸಾಲದ ಸರ್ಟಿಫಿಕೇಟು: ಜನವರಿಯದು ಒಂದು, ಏಪ್ರಿಲ್‌ನದು ಇನ್ನೊಂದು

ಜನವರಿ ಬಂತೆಂದರೆ ಕಚೇರಿಯ ಲೆಕ್ಕಪತ್ರ ವಿಭಾಗದಿಂದ ಒಂದು ಮೇಲ್ ಬರುತ್ತದೆ: ತೆರಿಗೆ ವಿನಾಯಿತಿಯ ದಾಖಲೆಗಳನ್ನು ಇಂಥ ತಾರೀಖಿನೊಳಗೆ ಸಲ್ಲಿಸಿ. ಮನೆ ಸಾಲ ಇರುವವರು ಬ್ಯಾಂಕಿನ ಆ್ಯಪ್ ತೆರೆದು ಬಡ್ಡಿಯ ಸರ್ಟಿಫಿಕೇಟನ್ನು ಇಳಿಸಿಕೊಂಡು ಕಳಿಸಿಬಿಡುತ್ತಾರೆ. ಮುಂದೆ ಜುಲೈನಲ್ಲಿ ರಿಟರ್ನ್ ತುಂಬುವಾಗಲೂ ಅದೇ ಕಾಗದ, ಅದೇ ಅಂಕಿ. ಆದರೆ ಆ ಕಾಗದದ ತಲೆಯ ಮೇಲೆ ‘ಪ್ರಾವಿಷನಲ್’ ಎಂದು ಅಚ್ಚಾಗಿರುವುದನ್ನು ಹೆಚ್ಚಿನವರು ಗಮನಿಸಿರುವುದಿಲ್ಲ.

ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಕಡಿತದಿಂದ ನಿಮಗೆ ಲಾಭವಿದೆಯೇ? ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ ಗರಿಷ್ಠ 2 ಲಕ್ಷ ರೂಪಾಯಿ ಕಡಿತ, 24(ಬಿ) ಕಲಂ ಪ್ರಕಾರ. ಅಸಲಿಗೆ 80ಸಿ ಅಡಿ 1.5 ಲಕ್ಷ, ಪಿಎಫ್, ಎಲ್‌ಐಸಿ ಕಂತು, ಮಕ್ಕಳ ಶಾಲಾ ಶುಲ್ಕ ಎಲ್ಲವೂ ಇದೇ ಒಂದೂವರೆ ಲಕ್ಷದೊಳಗೆ ಹಿಡಿಯಬೇಕು. ಇವೆರಡೂ ಸಿಗುವುದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಎರಡೂ ಇಲ್ಲ. ಮನೆ ಬಾಡಿಗೆಗೆ ಕೊಟ್ಟಿದ್ದರೆ ಮಾತ್ರ ಆ ಬಾಡಿಗೆ ಆದಾಯದಲ್ಲಿ ಬಡ್ಡಿಯನ್ನು ಕಳೆಯಬಹುದು.

2025-26ರಲ್ಲಿ 15 ಲಕ್ಷ ಸಂಬಳ ಇರುವವರ ಲೆಕ್ಕ ಹಾಕಿ ನೋಡಿ. ಹೊಸ ಪದ್ಧತಿಯಲ್ಲಿ ಸೆಸ್ ಬಿಟ್ಟು 93,750 ರೂಪಾಯಿ ತೆರಿಗೆ. ಹಳೆಯದರಲ್ಲಿ ಇದಕ್ಕಿಂತ ಕಡಿಮೆಯಾಗಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಅಲ್ಲದೆ ಸುಮಾರು 5.44 ಲಕ್ಷದ ಕಡಿತ ಬೇಕು. ಅಸಲು ಬಡ್ಡಿ ಎರಡೂ ಪೂರ್ತಿ ಸಿಕ್ಕರೂ ಮೂರೂವರೆ ಲಕ್ಷವಷ್ಟೇ. ಉಳಿದದ್ದನ್ನು ಮನೆ ಬಾಡಿಗೆ ಭತ್ಯೆ, ಆರೋಗ್ಯ ವಿಮೆ, ಎನ್‌ಪಿಎಸ್ ಇಂಥವುಗಳಿಂದ ತುಂಬಬೇಕು. ಆದ್ದರಿಂದ ‘ಮನೆ ಸಾಲ ತೆಗೆದುಕೊಳ್ಳಿ, ತೆರಿಗೆ ಉಳಿಯುತ್ತೆ’ ಎಂಬ ಹಳೆಯ ಸಲಹೆಯನ್ನು ಈಗ ಕಣ್ಣುಮುಚ್ಚಿ ನಂಬುವಂತಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು, ಊರಿನಲ್ಲಿ ಸಾಲ ಮಾಡಿ ಮನೆ ಕೊಂಡಿರುವ ನೌಕರರಿಗೆ ಇದು ಇನ್ನೂ ಲಾಭದ್ದೇ ಆಗಬಹುದು. ಅಂಥ ಒಂದು ದಂಪತಿಯ ಉದಾಹರಣೆ ತೆಗೆದುಕೊಳ್ಳೋಣ.

ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ನೌಕರರು. ಮೈಸೂರಿನಲ್ಲಿ ಕಟ್ಟಿ ಮುಗಿದಿದ್ದ ಮನೆಯನ್ನು 2025ರ ಮಾರ್ಚ್ ಕೊನೆಯಲ್ಲಿ ಕೊಂಡರು. ಅಲ್ಲಿ ಅಪ್ಪ ಅಮ್ಮ ಇದ್ದಾರೆ. ಕ್ರಯಪತ್ರ ಇಬ್ಬರ ಹೆಸರಿನಲ್ಲಿ, ಸಮಪಾಲು. ಸಾಲವೂ ಜಂಟಿ: 40 ಲಕ್ಷ, ಶೇ 8.5 ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 34,713 ರೂಪಾಯಿ. ಮೊದಲ ವರ್ಷ ಕಟ್ಟುವ 4.16 ಲಕ್ಷದಲ್ಲಿ ಬಡ್ಡಿಯೇ 3.37 ಲಕ್ಷ, ಅಸಲು ತೀರುವುದು ಬರೀ 79,600. ಸಾಲದ ಆರಂಭದ ವರ್ಷಗಳಲ್ಲಿ ಕಂತಿನ ಬಹುಪಾಲು ಬಡ್ಡಿಗೇ ಹೋಗುತ್ತದೆ.

ಜನವರಿಗೆ ಮುಂಚೆ ಇಳಿಸಿಕೊಂಡ ಪ್ರಾವಿಷನಲ್ ಸರ್ಟಿಫಿಕೇಟಿನಲ್ಲಿ ಇವೇ ಎರಡು ಅಂಕಿಗಳಿರುತ್ತವೆ. ಅದು ಬ್ಯಾಂಕಿನ ಅಂದಾಜು. ಮಾರ್ಚ್‌ವರೆಗಿನ ಎಲ್ಲ ಕಂತುಗಳೂ ಹೊತ್ತಿಗೆ ಸರಿಯಾಗಿ ಬರುತ್ತವೆ, ಬಡ್ಡಿ ದರ ಹೀಗೇ ಇರುತ್ತದೆ, ಮಧ್ಯೆ ಯಾರೂ ಹೆಚ್ಚಿಗೆ ಹಣ ಕಟ್ಟುವುದಿಲ್ಲ ಎಂದುಕೊಂಡು ಹಾಕಿದ ಲೆಕ್ಕ. ಈ ದಂಪತಿ ಡಿಸೆಂಬರ್ ಕೊನೆಯಲ್ಲಿ ಬೋನಸ್ ಬಂದದ್ದನ್ನು ಸೇರಿಸಿ 2 ಲಕ್ಷವನ್ನು ಸಾಲಕ್ಕೆ ಕಟ್ಟಿದರು ಎನ್ನಿ. ಆಗ ಕೊನೆಯ ಮೂರು ತಿಂಗಳ ಬಡ್ಡಿ ಸುಮಾರು 4,250 ರೂಪಾಯಿ ಇಳಿಯುತ್ತದೆ, ಅಸಲು ಖಾತೆಗೆ ಹೋದದ್ದು 2.84 ಲಕ್ಷದ ಹತ್ತಿರ ಬರುತ್ತದೆ. ಹಳೇ ಕಾಗದವನ್ನೇ ಹಿಡಿದು ರಿಟರ್ನ್ ತುಂಬಿದರೆ ಬಡ್ಡಿಯನ್ನು ಹೆಚ್ಚು ತೋರಿಸಿದ ಹಾಗೆ, ಅಸಲನ್ನು ಎರಡು ಲಕ್ಷದಷ್ಟು ಬಿಟ್ಟುಬಿಟ್ಟ ಹಾಗೆ. ಕಚೇರಿಗೆ ಪ್ರಾವಿಷನಲ್ ಸಾಕು, ಏಕೆಂದರೆ ಅದು ಸಂಬಳದಲ್ಲಿ ಟಿಡಿಎಸ್ ಹಿಡಿಯುವ ಲೆಕ್ಕಕ್ಕಷ್ಟೇ. ರಿಟರ್ನ್‌ಗೆ ಬೇಕಾದದ್ದು ಮಾರ್ಚ್ 31 ಕಳೆದ ಮೇಲೆ ಸಿಗುವ ಅಂತಿಮ ಸರ್ಟಿಫಿಕೇಟು. ಫಾರ್ಮ್ 16ರಲ್ಲಿ ಹಳೆಯ ಅಂಕಿ ಬಂದಿದ್ದರೂ ರಿಟರ್ನ್‌ನಲ್ಲಿ ಸರಿಯಾದದ್ದನ್ನೇ ತುಂಬಬೇಕು.

ಅಂತಿಮ ಸರ್ಟಿಫಿಕೇಟು ಕೈಗೆ ಬಂದ ಮೇಲೆ ಇನ್ನೊಂದು ತೊಡಕು. ಜಂಟಿ ಸಾಲವಾದರೂ ಬ್ಯಾಂಕು ಪಾಲು ಮಾಡಿ ಕೊಡುವುದಿಲ್ಲ; ಇಬ್ಬರ ಹೆಸರೂ ಇರುವ ಒಂದೇ ಕಾಗದದಲ್ಲಿ ಪೂರ್ತಿ ಮೊತ್ತ ಇರುತ್ತದೆ. ಅದನ್ನು ನೋಡಿ ಗಂಡ 2 ಲಕ್ಷ, ಹೆಂಡತಿ 2 ಲಕ್ಷ ಎಂದು ತುಂಬಿದರೆ ತಪ್ಪು: ಒಟ್ಟು ಬಡ್ಡಿಯೇ 3.33 ಲಕ್ಷ. ಸಮಪಾಲಾದ್ದರಿಂದ ತಲಾ 1.66 ಲಕ್ಷ ಬಡ್ಡಿ, ತಲಾ 1.42 ಲಕ್ಷ ಅಸಲು. ಒಬ್ಬರೇ ಸಾಲ ಮಾಡಿದ್ದರೆ 2 ಲಕ್ಷದ ಆಚೆಗಿನ ಬಡ್ಡಿ ವ್ಯರ್ಥವಾಗುತ್ತಿತ್ತು. ಇಲ್ಲಿ ಪೂರ್ತಿ ದಕ್ಕುತ್ತದೆ. ಆದರೆ ಇದಕ್ಕೆ ಇಬ್ಬರೂ ಸಾಲಗಾರರೂ ಆಗಿರಬೇಕು, ಮಾಲೀಕರೂ ಆಗಿರಬೇಕು. ಕ್ರಯಪತ್ರದಲ್ಲಿ ಹೆಸರಿಲ್ಲದ ಹೆಂಡತಿ, ಬ್ಯಾಂಕು ಕೇಳಿತೆಂದು ಸಾಲದ ಕಾಗದಕ್ಕೆ ಸಹಿ ಹಾಕಿ ಪ್ರತಿ ತಿಂಗಳೂ ಕಂತು ಕಟ್ಟುತ್ತಿದ್ದರೂ ಆಕೆಗೆ ಒಂದು ರೂಪಾಯಿಯ ಕಡಿತವೂ ಇಲ್ಲ.

ಅಸಲಿಗೂ ಬಡ್ಡಿಗೂ ಕಾನೂನಿನ ಅಳತೆಗೋಲು ಬೇರೆ. ಬಡ್ಡಿ ಆ ವರ್ಷಕ್ಕೆ ಸಲ್ಲಬೇಕಾದದ್ದಾಗಿದ್ದರೆ ಸಾಕು, ಕಟ್ಟದೆ ಬಾಕಿ ಉಳಿದಿದ್ದರೂ ಕಡಿತ ಸಿಗುತ್ತದೆ. ಅಸಲು ಮಾತ್ರ ನಿಜವಾಗಿ ಕಟ್ಟಿರಬೇಕು. ಮನೆ ಕೈಗೆ ಬಂದ ಆರ್ಥಿಕ ವರ್ಷ ಮುಗಿದು 5 ವರ್ಷ ತುಂಬುವುದರೊಳಗೆ ಮಾರಿದರೆ, ಅಸಲಿಗೆ ಪಡೆದ ಕಡಿತವೆಲ್ಲ ಮಾರಿದ ವರ್ಷದ ಆದಾಯಕ್ಕೆ ವಾಪಸು ಸೇರುತ್ತದೆ. ಬಡ್ಡಿಗೆ ಈ ಕಾಟವಿಲ್ಲ.

ಭಾವನಿಂದಲೋ ಸ್ನೇಹಿತರಿಂದಲೋ ಸಾಲ ಪಡೆದು ಮನೆ ಕಟ್ಟಿಸಿದವರಿಗೂ ಇದೇ ಭೇದ ಅನ್ವಯಿಸುತ್ತದೆ. ಸಾಲ ಕೊಟ್ಟವರು ಬಡ್ಡಿಯ ಮೊತ್ತ ನಮೂದಿಸಿ ಸರ್ಟಿಫಿಕೇಟು ಬರೆದುಕೊಟ್ಟರೆ ಬಡ್ಡಿಗೆ ಕಡಿತ ಉಂಟು. ಕಚೇರಿಗೆ ಅವರ ಹೆಸರು, ವಿಳಾಸ, ಪ್ಯಾನ್ ಕೊಡಬೇಕು; ಅವರೂ ಆ ಬಡ್ಡಿಯನ್ನು ತಮ್ಮ ಆದಾಯವೆಂದು ತೋರಿಸಬೇಕು. ಅಸಲಿಗೆ ಕಡಿತವಿಲ್ಲ, ಅದು ಬ್ಯಾಂಕು, ಸಹಕಾರಿ ಬ್ಯಾಂಕು, ಗೃಹಸಾಲ ಕಂಪನಿಯಂಥ ಕಾನೂನು ಹೆಸರಿಸಿದ ಸಾಲದಾತರಿಗೆ ಮಾತ್ರ.

ಕಟ್ಟಿಸುವವರು ಹಳೆಯ ವರ್ಷಗಳ ಸರ್ಟಿಫಿಕೇಟುಗಳನ್ನೂ ಜೋಪಾನ ಮಾಡಬೇಕು. 2022ರ ಜುಲೈನಲ್ಲಿ ಸಾಲ ಪಡೆದು 2025ರ ನವೆಂಬರ್‌ನಲ್ಲಿ ಮನೆ ಮುಗಿಸಿದರೆ, 2025ರ ಮಾರ್ಚ್ 31ರವರೆಗಿನ ಬಡ್ಡಿಯನ್ನೆಲ್ಲ ಕೂಡಿಸಿ ಐದು ಸಮ ಭಾಗ ಮಾಡಿ, 2025-26ರಿಂದ ವರ್ಷಕ್ಕೊಂದು ಭಾಗ ಪಡೆಯಬಹುದು. ಇದೂ 2 ಲಕ್ಷದ ಮಿತಿಯೊಳಗೇ. ಸಾಲ ಪಡೆದ ಆರ್ಥಿಕ ವರ್ಷ ಮುಗಿದು 5 ವರ್ಷದೊಳಗೆ ಕಟ್ಟಡ ಮುಗಿಯದಿದ್ದರೆ ಬಡ್ಡಿಯ ಮಿತಿ 2 ಲಕ್ಷದಿಂದ 30,000ಕ್ಕೆ ಇಳಿಯುತ್ತದೆ.

2024-25ರ ಆದಾಯದ ರಿಟರ್ನ್‌ನಿಂದೀಚೆಗೆ ಬಡ್ಡಿಯ ಮೊತ್ತ ಬರೆದರಷ್ಟೇ ಸಾಲದು. ಸಾಲದಾತರ ಹೆಸರು, ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನ, ಒಟ್ಟು ಸಾಲ, ಮಾರ್ಚ್ 31ಕ್ಕೆ ಉಳಿದ ಬಾಕಿಯನ್ನೂ ಕೇಳುತ್ತಾರೆ. ಅಂತಿಮ ಸರ್ಟಿಫಿಕೇಟಿನ ಜೊತೆಗೆ ಸಾಲದ ಖಾತೆಯ ಸ್ಟೇಟ್‌ಮೆಂಟನ್ನೂ ಏಪ್ರಿಲ್‌ನಲ್ಲೇ ಇಳಿಸಿಟ್ಟುಕೊಳ್ಳಿ. ಗಡುವು ಮೀರಿ ರಿಟರ್ನ್ ಸಲ್ಲಿಸಿದವರಿಗೆ ಹಳೆಯ ಪದ್ಧತಿ ಆರಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ಆಮೇಲೆ ಯಾವ ಸರ್ಟಿಫಿಕೇಟಿದ್ದರೂ ಆ ವರ್ಷಕ್ಕೆ ಈ ಕಡಿತ ಸಿಗುವುದಿಲ್ಲ.